ಅಕ್ಕಿಯಲ್ಲಿ ಬರೆದ ಸ್ವಸ್ತಿಕ

ಪ್ರಶ್ನೆ: ಜರ್ಮನಿಯಲ್ಲಿರುವ ಮಗ ಹೊಸ ಮನೆಯ ಬಾಗಿಲಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದ. ಪಕ್ಕದ ಮನೆಯವರು ಅಳಿಸಿ ಅಂದರಂತೆ. ಬಲಕ್ಕೆ ತಿರುಗಿದ್ದು ನಮ್ಮದು, ಎಡಕ್ಕೆ ತಿರುಗಿದ್ದು ಹಿಟ್ಲರನದು ಅಲ್ಲವೇ? ಶಿಲುಬೆ, ಅರ್ಧಚಂದ್ರ, ಬೌದ್ಧರ ಚಕ್ರಕ್ಕೆ ಇಲ್ಲದ ಅನುಮಾನ ನಮ್ಮದಕ್ಕೆ ಮಾತ್ರ ಯಾಕೆ?
– ಓದುಗರು, ಮಂಡ್ಯ

ಉತ್ತರ: ತಾಯಿ, ಪಕ್ಕದ ಮನೆಯವರ ಪರವಾಗಿ ಎರಡು ಮಾತು ಹೇಳಿ ನಿಮ್ಮ ಕಡೆ ಬರುತ್ತೇನೆ. 1920ರಲ್ಲಿ ನಾಜಿ ಪಕ್ಷ ಈ ಗುರುತನ್ನು ತನ್ನ ಬಾವುಟಕ್ಕೆ ಎತ್ತಿಕೊಂಡಿತು, 1935ರಲ್ಲಿ ಅದೇ ಬಾವುಟ ದೇಶದ ಬಾವುಟವಾಯಿತು. ಅದರಡಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಅಲ್ಲಿ ನಾಜಿ ಗುರುತುಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಇವತ್ತಿಗೂ ಅಪರಾಧ. ಹಾಗಿರುವಾಗ ಬೆಳಗ್ಗೆ ಬಾಗಿಲು ತೆರೆದವರ ಎದೆ ಝಲ್ಲೆಂದಿದ್ದರೆ ತಪ್ಪು ತಿಳಿಯಬೇಡಿ. ಅವರ ವಕಾಲತ್ತು ಇಲ್ಲಿಗೆ ಮುಗಿಯಿತು.

ಆದರೆ ಆ ಎಡ-ಬಲದ ಮಾತನ್ನು ಯಾವ ವಾಟ್ಸಾಪ್ ಗುಂಪಿನಲ್ಲಿ ಓದಿದಿರಿ? ನಾಜಿಗಳದ್ದೂ ಬಲಕ್ಕೇ ತಿರುಗಿದ್ದು. ಎಡಕ್ಕೆ ತಿರುಗಿದ್ದು ಜಪಾನಿನ ನಕ್ಷೆಗಳಲ್ಲಿ ಬೌದ್ಧ ದೇವಾಲಯ ಎಲ್ಲಿದೆ ಎಂದು ತೋರಿಸುವ ಗುರುತು. ತಿರುವು ನೋಡಿ ಏನೂ ಹೇಳಲಾಗದು, ಸುತ್ತ ಏನಿದೆ ಎಂದು ನೋಡಬೇಕು. ನಾಜಿ ಬಾವುಟದಲ್ಲಿ ಅದು ಕಪ್ಪು, ಓರೆಯಾಗಿ ನಿಂತದ್ದು, ಕೆಂಪು ಬಟ್ಟೆಯ ಮೇಲಿನ ಬಿಳಿ ವೃತ್ತದೊಳಗಿದ್ದದ್ದು. ನಮ್ಮದು ನೆಟ್ಟಗೆ ಕೂತಿರುತ್ತದೆ, ಅರಿಶಿನ-ಕುಂಕುಮ ಮೆತ್ತಿರುತ್ತದೆ, ತೋಳುಗಳ ನಡುವಿನ ನಾಲ್ಕು ಮನೆಗಳಲ್ಲಿ ನಾಲ್ಕು ಬೊಟ್ಟು ಇರುತ್ತದೆ.

ಅದರ ಅರ್ಥ ಬಲ್ಲವರು ಬರೆಯುವುದನ್ನು ನೋಡಬೇಕೆಂದರೆ ಮೈಸೂರಿನಲ್ಲಿ ಗುಜರಾತಿ, ಮಾರವಾಡಿ ಜೈನರು ನಡೆದುಕೊಳ್ಳುವ ಮಂದಿರಕ್ಕೆ ಬೆಳಗಿನ ಹೊತ್ತು ಹೋಗಿ. ಪೂಜೆಗೆ ಬಂದ ಅಜ್ಜಿ ಗಿಡ್ಡ ಮಣೆಯ ಮುಂದೆ ಕೂತು ಹಿಡಿ ಅಕ್ಕಿ ಸುರಿದು, ಬೆರಳಿನಿಂದ ಸರಿಸುತ್ತಾ ಕೆಳಗೆ ಸ್ವಸ್ತಿಕ ಮಾಡುತ್ತಾರೆ. ನಾಲ್ಕು ತೋಳೆಂದರೆ ಜೀವ ಹುಟ್ಟಿ ಸುತ್ತುವ ನಾಲ್ಕು ಗತಿ: ದೇವ, ಮನುಷ್ಯ, ಪ್ರಾಣಿ-ಸಸ್ಯಗಳ ತಿರ್ಯಂಚ, ನರಕ. ಗಮನಿಸಿ, ಸ್ವರ್ಗವೂ ಆ ಸುತ್ತಾಟದ ಒಳಗೇ ಇದೆ, ಅದೂ ಬಿಡುಗಡೆಯಲ್ಲ. ಅದರ ಮೇಲೆ ಅಕ್ಕಿಯ ಮೂರು ಪುಟ್ಟ ಗುಡ್ಡೆ: ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ. ಅದಕ್ಕೂ ಮೇಲೆ ಒಂದು ಅರ್ಧಚಂದ್ರ, ಅದರೊಳಗೆ ಒಂದು ಚುಕ್ಕೆ. ಅದು ಸಿದ್ಧಶಿಲೆ, ಮುಕ್ತ ಜೀವಗಳು ನೆಲೆಸುವ ಲೋಕದ ತುತ್ತತುದಿ. ಕೆಳಗಿನ ಸ್ವಸ್ತಿಕದ ಮೇಲೆ ಸಿಹಿತಿಂಡಿ ಇಡುತ್ತಾರೆ, ಮೇಲಿನ ಸಿದ್ಧಶಿಲೆಯ ಮೇಲೆ ಹಣ್ಣು. ಅಕ್ಕಿಯೇ ಯಾಕೆಂದರೆ, ಭತ್ತ ಬಿತ್ತಿದರೆ ಮೊಳೆಯುತ್ತದೆ, ಹೊಟ್ಟು ಹೋದ ಅಕ್ಕಿ ಮೊಳೆಯುವುದಿಲ್ಲ. ಮತ್ತೆ ಹುಟ್ಟದಿರಲಿ ಎಂಬ ಕೋರಿಕೆ ಕಾಳಿನಲ್ಲೇ ಇದೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಮುಸ್ಲಿಮರ ಅರ್ಧಚಂದ್ರ ಬೇರೆಯದೇ ಕೆಲಸ ಮಾಡುತ್ತದೆ. ಬಾವುಟಗಳ ಚಂದ್ರ-ನಕ್ಷತ್ರಕ್ಕೆ ಹೆಸರು ಬಂದದ್ದು ಮುಖ್ಯವಾಗಿ ತುರ್ಕಿಯ ಒಟ್ಟೋಮನ್ನರಿಂದ. ಕುರಾನಿನ ಎರಡನೆಯ ಅಧ್ಯಾಯ ಹೇಳುವುದು ಬಾಲಚಂದ್ರ ಜನರಿಗೆ, ಹಜ್‌ಗೆ ಕಾಲ ತೋರಿಸುತ್ತದೆ ಎಂದಷ್ಟೇ. ರಂಜಾನ್ ಕೊನೆಗೆ ಪಡುವಣದಲ್ಲಿ ಆ ಗೆರೆ ಕಂಡರೆ ನಾಳೆ ಹಬ್ಬ. ಅದಕ್ಕೆ ಯಾರೂ ಪೂಜೆ ಮಾಡುವುದಿಲ್ಲ.

ಇನ್ನು ಶಿಲುಬೆ. ರೋಮನ್ನರು ಗುಲಾಮರನ್ನೂ ದಂಗೆಕೋರರನ್ನೂ ಏರಿಸಿ ಕೊಲ್ಲುತ್ತಿದ್ದ ಮರ ಅದು. ಸಂತ ಫಿಲೋಮಿನಾ ಚರ್ಚಿನಂಥ ಕ್ಯಾಥೊಲಿಕರ ಕಡೆ ಅದರ ಮೇಲೆ ಯೇಸುವಿನ ದೇಹ ಇರುತ್ತದೆ, ಪಟ್ಟ ನೋವು ಕಣ್ಣೆದುರಿರಲಿ ಎಂದು. ಪ್ರೊಟೆಸ್ಟೆಂಟರ ಶಿಲುಬೆ ಸಾಮಾನ್ಯವಾಗಿ ಬರಿದು, ಎದ್ದುಹೋದವನು ಇನ್ನು ಅಲ್ಲಿಲ್ಲ ಎಂದು. ಬೈಲಕುಪ್ಪೆಯ ಗೊಂಪಾಗಳ ನೆತ್ತಿಯ ಚಕ್ರಕ್ಕೆ ಎಂಟು ಅರ, ಅದು ಅಷ್ಟಾಂಗ ಮಾರ್ಗ. ಅಕ್ಕಪಕ್ಕದ ಎರಡು ಜಿಂಕೆಗಳಾದರೋ ಬುದ್ಧ ಮೊದಲು ಬೋಧಿಸಿದ ಸಾರನಾಥದ ಮೃಗವನವನ್ನು ನೆನೆಸುತ್ತವೆ. ಅಲ್ಲಿಗೆ ಹೋದವರು ಮೋಮೊ ತಿಂದು ಸೆಲ್ಫಿ ತೆಗೆದು ಬರುತ್ತಾರೆ, ಜಿಂಕೆ ಯಾಕಿದೆ ಎಂದು ಕೇಳುವವರಿಲ್ಲ.

ನನ್ನ ಕೋಪ ನಿಮ್ಮ ಜರ್ಮನ್ ನೆರೆಯವರ ಮೇಲಿಲ್ಲ, ನಮ್ಮ ಮೇಲೇ ಇದೆ. ಮಕ್ಕಳಿಗೆ ನಾಲ್ಕು ಚಿತ್ರ ಕೊಟ್ಟು ‘ಹೊಂದಿಸಿ ಬರೆಯಿರಿ’ ಅನ್ನುತ್ತೇವೆ, ಶಿಲುಬೆಗೆ ಕ್ರೈಸ್ತ, ಚಂದ್ರನಿಗೆ ಇಸ್ಲಾಂ, ನಾಲ್ಕು ಅಂಕ, ಮುಗಿಯಿತು. ಹೊಸ ಮನೆ ಕಟ್ಟುವವರು ಸ್ವಸ್ತಿಕದ ಟೈಲ್ಸ್ ತಂದು ಹೊಸ್ತಿಲ ಮುಂದೆ ನೆಲಕ್ಕೇ ಹಾಕಿಸಿ ದಿನಾ ತುಳಿದು ಓಡಾಡುತ್ತಾರೆ. ಸ್ಟಿಕ್ಕರ್ ಮಾಡುವವನು ಬೊಟ್ಟು ಬಿಟ್ಟರೂ ನಮಗೆ ಗೊತ್ತಾಗುವುದಿಲ್ಲ. ವಿದೇಶದಲ್ಲಿ ಮಾತ್ರ ನಮಗೆ ಸ್ವಾಭಿಮಾನ ಉಕ್ಕುತ್ತದೆ!

ಮಗನಿಗೆ ಹೇಳಿ: ಹೊರಬಾಗಿಲು ಬಿಟ್ಟು ದೇವರ ಕೋಣೆಯ ಬಾಗಿಲಿಗೆ ಬರೆಯಲಿ, ನಾಲ್ಕು ಬೊಟ್ಟು ಮರೆಯದಿರಲಿ. ಪಕ್ಕದ ಮನೆಯವರನ್ನು ಒಂದು ಸಂಜೆ ಕಾಫಿಗೆ ಕರೆದು ಅದನ್ನು ತೋರಿಸಲಿ. ಅವರು ತಮ್ಮ ಮನೆಯ ಕಥೆ ಹೇಳಿದರೆ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಲಿ.

– ಸಂ.