ಕ್ಯಾಪಿಟಲ್ ಕಾಲ್ ಮತ್ತು ಹತ್ತು ವರ್ಷದ ಕಾಯುವಿಕೆ

ಪ್ರೈವೇಟ್ ಇಕ್ವಿಟಿ ಫಂಡ್‌ಗೆ ಹಾಕಿದ ಹಣವನ್ನು ಬೇಕೆಂದಾಗ ಯಾಕೆ ವಾಪಸ್ ತೆಗೆಯೋಕಾಗಲ್ಲ?

ಆ ಹಣ ನಗದಾಗಿ ಇರುವುದೇ ಇಲ್ಲ. ಷೇರುಪೇಟೆಗೆ ಬಾರದ ಕಂಪನಿಗಳೊಳಗೆ ಸೇರಿಹೋಗಿರುತ್ತದೆ. ನೀವು ಒಟ್ಟು 100 ಕೊಡಲು ಒಪ್ಪಿದ್ದೀರಿ ಎನ್ನಿ. ಮೊದಲ ದಿನವೇ ಅಷ್ಟೂ ಕೊಡಬೇಕಿಲ್ಲ. ಕೊಳ್ಳಲು ಕಂಪನಿ ಸಿಕ್ಕಾಗ ನೋಟಿಸ್ ಬರುತ್ತದೆ: ‘ಹತ್ತು ದಿನದೊಳಗೆ 20 ಕಳಿಸಿ.’ ಇದೇ ಕ್ಯಾಪಿಟಲ್ ಕಾಲ್. ಸುಮಾರು ಐದು ವರ್ಷ ಹೀಗೇ ಕಂತುಕಂತಾಗಿ ಹೋಗುತ್ತದೆ. ತಪ್ಪಿಸಿದರೆ ಬಡ್ಡಿ ಬೀಳುತ್ತದೆ, ಪಾಲೂ ಕೈತಪ್ಪಬಹುದು.

ಆಮೇಲೆ ಸುಮಾರು ಹತ್ತನೇ ವರ್ಷದವರೆಗೆ ಒಂದೊಂದೇ ಕಂಪನಿ ಮಾರಾಟವಾದಂತೆ ಹಣ ಮರಳುತ್ತದೆ. ನಡುವೆ ನಿಮಗೆ ಕೊಡಬೇಕೆಂದರೆ ಇನ್ನೂ ಸುಧಾರಿಸುತ್ತಿರುವ ಕಂಪನಿಯನ್ನು ಅಗ್ಗಕ್ಕೆ ಮಾರಬೇಕು. ಆ ನಷ್ಟ ಉಳಿದವರ ತಲೆಗೆ ಬೀಳುತ್ತದೆ, ಅಲ್ವಾ? ತೀರಾ ತುರ್ತಿದ್ದರೆ ಫಂಡ್‌ನ ಒಪ್ಪಿಗೆ ಪಡೆದು ಪಾಲನ್ನು ಬೇರೆಯವರಿಗೆ ಮಾರಬಹುದು. ಬಾಕಿ ಕಂತುಗಳ ಹೊಣೆಯೂ ಅವರಿಗೇ ಹೋಗುತ್ತದೆ, ಆದರೆ ಬೆಲೆ ಸಾಮಾನ್ಯವಾಗಿ ಕಡಿಮೆಯೇ ಸಿಗುತ್ತದೆ.