ರಕ್ತದ ಪಿಎಚ್ ಕಾಯುವಲ್ಲಿ ಬೈಕಾರ್ಬನೇಟ್ ಮತ್ತು ಉಸಿರಾಟದ ಪಾತ್ರ

ಪ್ರಶ್ನೆ: ಬೈಕಾರ್ಬನೇಟ್ ಬಫರಿನ pKa 6.1, ರಕ್ತದ pH 7.4. ಇಷ್ಟು ಅಂತರವಿದ್ದರೆ ಬಫರ್ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ರಸಾಯನಶಾಸ್ತ್ರದಲ್ಲಿ ಓದಿದ್ದೇನೆ. ಹಾಗಾದರೆ ರಕ್ತ ಇದನ್ನೇ ಏಕೆ ನೆಚ್ಚಿಕೊಂಡಿದೆ? ಅಸಿಡೋಸಿಸ್ ಆದಾಗ ನಿಜಕ್ಕೂ ಏನು ಕೆಡುತ್ತದೆ?

ನೀವು ಓದಿದ್ದು ಸರಿ, ಆದರೆ ಆ ನಿಯಮ ಮುಚ್ಚಿದ ಪಾತ್ರೆಗೆ ಸಂಬಂಧಿಸಿದ್ದು. ದೇಹದಲ್ಲಿ ಈ ಬಫರಿನ ಎರಡು ಕೊನೆಗಳೂ ತೆರೆದಿರುತ್ತವೆ. ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶ ಹೊರಹಾಕುತ್ತದೆ, ಬೈಕಾರ್ಬನೇಟನ್ನು ಮೂತ್ರಪಿಂಡ ಉಳಿಸಿಕೊಳ್ಳುತ್ತದೆ ಮತ್ತು ಹೊಸದಾಗಿ ತಯಾರಿಸುತ್ತದೆ. ಶರೀರಕ್ರಿಯಾಶಾಸ್ತ್ರದ ತರಗತಿಯಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ನಾನು ಲೆಕ್ಕ ಹಾಕಿಯೇ ತೋರಿಸುತ್ತೇನೆ.

CO₂ + H₂O ⇌ H₂CO₃ ⇌ H⁺ + HCO₃⁻

pH = 6.1 + log ( HCO₃⁻ ÷ (0.03 × pCO₂) )

ಆರೋಗ್ಯವಂತರ ಅಪಧಮನಿಯ ರಕ್ತದಲ್ಲಿ ಲೀಟರಿಗೆ ಸುಮಾರು 24 ಮಿಲಿಮೋಲ್ ಬೈಕಾರ್ಬನೇಟ್ ಇರುತ್ತದೆ. ಇಂಗಾಲದ ಡೈಆಕ್ಸೈಡಿನ ಒತ್ತಡ ಪಾದರಸದ 40 ಮಿಲಿಮೀಟರಿನಷ್ಟಿರುತ್ತದೆ, ಅಂದರೆ ಕರಗಿರುವ ಅನಿಲ 1.2 ಮಿಲಿಮೋಲ್. ಇವೆರಡರ ಅನುಪಾತ 20ಕ್ಕೆ 1, ಪಿಎಚ್ 7.4. ಪಿಎಚ್ ಅನ್ನು ನಿರ್ಧರಿಸುವುದು ಈ ಅನುಪಾತವೇ ಹೊರತು ಎರಡರಲ್ಲಿ ಯಾವುದೋ ಒಂದರ ಪ್ರಮಾಣವಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಈಗ ಲೀಟರಿಗೆ 16 ಮಿಲಿಮೋಲ್ ಪ್ರಬಲ ಆಮ್ಲ ಸೇರಿತು ಎಂದುಕೊಳ್ಳೋಣ. ಅದು 16 ಮಿಲಿಮೋಲ್ ಬೈಕಾರ್ಬನೇಟಿನೊಡನೆ ವರ್ತಿಸಿ ಅಷ್ಟೇ ಪ್ರಮಾಣದ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅಡುಗೆ ಸೋಡಾದ ಮೇಲೆ ನಿಂಬೆರಸ ಹಿಂಡಿದಾಗ ಉಕ್ಕುವ ನೊರೆ ಇದೇ ಅನಿಲದ್ದು. ಪಾತ್ರೆ ಮುಚ್ಚಿದ್ದರೆ ಆ ಅನಿಲ ಒಳಗೇ ಉಳಿಯುತ್ತದೆ: ಬೈಕಾರ್ಬನೇಟ್ 8, ಕರಗಿದ ಅನಿಲ 17.2, ಪಿಎಚ್ ಸುಮಾರು 5.8. ಇದರಲ್ಲಿ ಯಾರೂ ಬದುಕಲಾರರು. ಹೆಚ್ಚುವರಿ ಅನಿಲವನ್ನು ಶ್ವಾಸಕೋಶ ಹೊರಹಾಕಿ ಒತ್ತಡವನ್ನು 40ರಲ್ಲೇ ಇರಿಸಿದರೆ ಅನುಪಾತ 8ಕ್ಕೆ 1.2, ಪಿಎಚ್ 6.92. ಉಸಿರಾಟ ಇನ್ನೂ ಹೆಚ್ಚಿ ಒತ್ತಡ 20ಕ್ಕೆ ಇಳಿದರೆ ಅನುಪಾತ 8ಕ್ಕೆ 0.6, ಪಿಎಚ್ 7.22. ಆಮ್ಲ ಅಷ್ಟೇ, ಉಳಿದ ಬೈಕಾರ್ಬನೇಟೂ ಅಷ್ಟೇ. ಬದಲಾದದ್ದು ಅನಿಲ ಹೊರಹೋದ ಪ್ರಮಾಣ ಮಾತ್ರ. (ನಿಜವಾದ ರಕ್ತದಲ್ಲಿ ಹಿಮೋಗ್ಲೋಬಿನ್ ಮತ್ತು ಪ್ಲಾಸ್ಮಾದ ಪ್ರೋಟೀನುಗಳೂ ಒಂದಿಷ್ಟು ಆಮ್ಲವನ್ನು ಹಿಡಿದಿಡುತ್ತವೆ, ಲೆಕ್ಕ ಸರಳವಾಗಿರಲೆಂದು ಅವನ್ನು ಬಿಟ್ಟಿದ್ದೇನೆ.)

ಅನಿಲವನ್ನು ಶ್ವಾಸಕೋಶದವರೆಗೆ ತಲುಪಿಸುವ ಕೆಲಸದ ಬಹುಪಾಲು ನಡೆಯುವುದು ಕೆಂಪು ರಕ್ತಕಣದೊಳಗೆ. ಜೀವಕೋಶಗಳು ದಿನವೊಂದಕ್ಕೆ ಸುಮಾರು 15,000 ಮಿಲಿಮೋಲ್ ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸುತ್ತವೆ. ಅದರಲ್ಲಿ ಹೆಚ್ಚಿನದು ರಕ್ತಕಣವನ್ನು ಹೊಕ್ಕು, ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ನೆರವಿನಿಂದ ನೀರಿನೊಡನೆ ಕೂಡಿ, ಕ್ಷಣಮಾತ್ರದಲ್ಲಿ ಬೈಕಾರ್ಬನೇಟ್ ಮತ್ತು ಜಲಜನಕ ಅಯಾನುಗಳಾಗಿ ಒಡೆಯುತ್ತದೆ. ಬೈಕಾರ್ಬನೇಟ್ ಪ್ಲಾಸ್ಮಾಕ್ಕೆ ಹೊರಟುಹೋಗುತ್ತದೆ, ಅದರ ಬದಲಿಗೆ ಕ್ಲೋರೈಡ್ ಒಳಬರುತ್ತದೆ. ಒಳಗುಳಿದ ಜಲಜನಕ ಅಯಾನನ್ನು ಹಿಡಿದುಕೊಳ್ಳುವುದು ಹಿಮೋಗ್ಲೋಬಿನ್. ಆಮ್ಲಜನಕವನ್ನು ಆಗತಾನೇ ಅಂಗಾಂಶಕ್ಕೆ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗೆ ಈ ಶಕ್ತಿ ಹೆಚ್ಚು ಎಂಬುದು ನನಗೆ ಈ ವ್ಯವಸ್ಥೆಯ ಅತ್ಯಂತ ಸೊಗಸಾದ ಭಾಗವಾಗಿ ಕಾಣುತ್ತದೆ. ಶ್ವಾಸಕೋಶದಲ್ಲಿ ಆಮ್ಲಜನಕ ಬಂದು ಕೂಡಿಕೊಂಡಾಗ ಜಲಜನಕ ಅಯಾನು ಬಿಡುಗಡೆಯಾಗಿ, ಬೈಕಾರ್ಬನೇಟ್ ಮರಳಿ ಬಂದು, ಇಡೀ ಕ್ರಿಯೆ ಹಿಂದುಮುಂದಾಗಿ ಅನಿಲ ಉಸಿರಿನಲ್ಲಿ ಹೊರಬೀಳುತ್ತದೆ. ಇಷ್ಟು ದೊಡ್ಡ ಆಮ್ಲದ ಹೊರೆ ಸಾಗಿಹೋದರೂ ಸಿರೆಯ ರಕ್ತದ ಪಿಎಚ್ ಅಪಧಮನಿಯದಕ್ಕಿಂತ ಕೇವಲ 0.03ರಿಂದ 0.04ರಷ್ಟು ಕಡಿಮೆ ಇರುತ್ತದೆ.

ಆದರೆ ಶ್ವಾಸಕೋಶಕ್ಕೆ ಒಂದು ಮಿತಿಯಿದೆ: ಖರ್ಚಾದ ಬೈಕಾರ್ಬನೇಟನ್ನು ಅದು ಮರಳಿ ಕೊಡಲಾರದು. ಆಹಾರದ ಪ್ರೋಟೀನಿನಿಂದ ದಿನಕ್ಕೆ ಸುಮಾರು 70 ಮಿಲಿಮೋಲಿನಷ್ಟು ಅನಿಲವಾಗದ ಆಮ್ಲ ಉಂಟಾಗುತ್ತದೆ. ಮೂತ್ರಪಿಂಡ ಅದನ್ನು ಅಮೋನಿಯಂ ಮತ್ತು ಫಾಸ್ಫೇಟ್ ರೂಪದಲ್ಲಿ ಹೊರಹಾಕುತ್ತ ಅಷ್ಟೇ ಹೊಸ ಬೈಕಾರ್ಬನೇಟನ್ನು ರಕ್ತಕ್ಕೆ ಸೇರಿಸುತ್ತದೆ. ಉಸಿರಾಟ ನಿಮಿಷಗಳಲ್ಲಿ ಬದಲಾದರೆ ಮೂತ್ರಪಿಂಡ ಪೂರ್ಣವಾಗಿ ಹೊಂದಿಕೊಳ್ಳಲು ಮೂರರಿಂದ ಐದು ದಿನ ಬೇಕು.

ಅಸಿಡೋಸಿಸ್‌ಗೆ ನಾನು ತರಗತಿಯಲ್ಲಿ ಬಳಸುವ ಉದಾಹರಣೆಯನ್ನೇ ಕೊಡುತ್ತೇನೆ. ಟೈಪ್ 1 ಮಧುಮೇಹವಿರುವ ಹುಡುಗನೊಬ್ಬ ಜ್ವರ, ವಾಂತಿ ಎಂದು ಊಟ ಬಿಟ್ಟಿದ್ದಾನೆ. ಊಟವೇ ಇಲ್ಲದ ಮೇಲೆ ಇನ್ಸುಲಿನ್ ಏಕೆ ಎಂದು ಮನೆಯವರು ಅದನ್ನೂ ನಿಲ್ಲಿಸಿದ್ದಾರೆ. ಇನ್ಸುಲಿನ್ ಇಲ್ಲದಾಗ ಕೊಬ್ಬು ಮಿತಿಮೀರಿ ಕರಗಿ, ಯಕೃತ್ತು ಅದರಿಂದ ಕೀಟೋಆಮ್ಲಗಳನ್ನು ತಯಾರಿಸುತ್ತದೆ. ಮೂತ್ರಪಿಂಡದ ವೇಗವನ್ನು ಮೀರಿ ಬಂದ ಈ ಆಮ್ಲ ಬೈಕಾರ್ಬನೇಟನ್ನು 24ರಿಂದ 8ಕ್ಕೆ ಇಳಿಸುತ್ತದೆ. ಆಸ್ಪತ್ರೆಗೆ ಬರುವಾಗ ಹುಡುಗ ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತಿರುತ್ತಾನೆ. ಉಸಿರಿಗೆ ಕೊಳೆತ ಹಣ್ಣಿನಂಥ ವಾಸನೆ ಇರುತ್ತದೆ. ಮಧುಮೇಹದ ರೋಗಿಗಳಲ್ಲಿ ಈ ಉಸಿರಾಟವನ್ನು 1874ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್. ಇದನ್ನು ಉಬ್ಬಸವೆಂದೋ ನ್ಯುಮೋನಿಯಾ ಎಂದೋ ತಪ್ಪು ತಿಳಿಯುವುದುಂಟು. ಶ್ವಾಸಕೋಶ ಶುಭ್ರವಾಗಿದ್ದು ಉಸಿರಾಟ ಮಾತ್ರ ಹೀಗಿದ್ದರೆ ರಕ್ತದ ಸಕ್ಕರೆ, ಕೀಟೋನ್ ಮತ್ತು ಅಪಧಮನಿಯ ರಕ್ತದ ಅನಿಲಗಳನ್ನು ಕೂಡಲೇ ಪರೀಕ್ಷಿಸಬೇಕು.

ಈ ಹುಡುಗನ ವರದಿಯಲ್ಲಿ ಬೈಕಾರ್ಬನೇಟ್ 8, ಇಂಗಾಲದ ಡೈಆಕ್ಸೈಡಿನ ಒತ್ತಡ 20, ಪಿಎಚ್ 7.22 ಇದೆ. ಅವನ ಉಸಿರಾಟ ಸಾಕಷ್ಟಿದೆಯೇ ಎಂದು ತಿಳಿಯಲು ವಿಂಟರ್ ಸೂತ್ರವೆಂಬುದಿದೆ: ಬೈಕಾರ್ಬನೇಟನ್ನು 1.5ರಿಂದ ಗುಣಿಸಿ 8 ಕೂಡಿಸಿದರೆ ಇರಬೇಕಾದ ಒತ್ತಡ ಸಿಗುತ್ತದೆ, 2ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ಇಲ್ಲಿ ಉತ್ತರ 20, ಅಂದರೆ ಶ್ವಾಸಕೋಶ ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡುತ್ತಿದೆ. ಕೆಲವು ಗಂಟೆಗಳ ನಂತರ ಅದೇ ಹುಡುಗನ ಒತ್ತಡ 28 ಎಂದು ಬಂದರೆ ಅದು ಸಾಮಾನ್ಯ ಮಟ್ಟದತ್ತ ಬರುತ್ತಿದೆ ಎಂದು ಸಮಾಧಾನಪಡುವಂತಿಲ್ಲ. ಬೈಕಾರ್ಬನೇಟ್ ಇನ್ನೂ 8ರಲ್ಲೇ ಇದ್ದರೆ ಪಿಎಚ್ 7.08ಕ್ಕೆ ಕುಸಿದಿದೆ, ಉಸಿರಾಟದ ಸ್ನಾಯುಗಳು ಸೋಲುತ್ತಿವೆ. ಒತ್ತಡ 40 ಎಂಬ ಸಾಮಾನ್ಯ ಸಂಖ್ಯೆ ಇವನಲ್ಲಿ ಕಂಡರೆ ಪಿಎಚ್ 6.92 ಆಗಿರುತ್ತದೆ. ಇಂಥ ರೋಗಿಯನ್ನು ವೆಂಟಿಲೇಟರಿಗೆ ಹಾಕಬೇಕಾಗಿ ಬಂದಾಗ ಯಂತ್ರವನ್ನು ಎಂದಿನ ಉಸಿರಾಟದ ಪ್ರಮಾಣಕ್ಕೆ ಹೊಂದಿಸಿದರೂ ಇದೇ ಅಪಾಯವಿದೆ. ಪಿಎಚ್ ತೀರಾ ಕುಸಿದಂತೆ ಹೃದಯದ ಸಂಕೋಚನ ಬಲಗುಂದುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ, ಅಡ್ರಿನಲಿನ್‌ಗೆ ದೇಹದ ಸ್ಪಂದನೆ ತಗ್ಗುತ್ತದೆ.

ಕಾಯಿಲೆ ಶ್ವಾಸಕೋಶದ್ದೇ ಆಗಿದ್ದರೆ ಅನುಪಾತ ಇನ್ನೊಂದು ಕಡೆಯಿಂದ ಕೆಡುತ್ತದೆ. ಒತ್ತಡ ಒಮ್ಮೆಲೇ 60ಕ್ಕೆ ಏರಿದರೆ ಪಿಎಚ್ ಸುಮಾರು 7.26, ಹಲವು ದಿನಗಳಲ್ಲಿ ನಿಧಾನವಾಗಿ ಏರಿದ್ದರೆ ಮೂತ್ರಪಿಂಡ ಬೈಕಾರ್ಬನೇಟನ್ನು 32ರ ಹತ್ತಿರ ತಂದು ಪಿಎಚ್ ಅನ್ನು 7.35ರಷ್ಟರಲ್ಲಿ ನಿಲ್ಲಿಸುತ್ತದೆ.

ಬೈಕಾರ್ಬನೇಟ್ ಕಡಿಮೆಯಾಗಿದ್ದರೆ ಅದನ್ನೇ ಡ್ರಿಪ್‌ನಲ್ಲಿ ಏಕೆ ಕೊಡಬಾರದು ಎಂಬ ಪ್ರಶ್ನೆ ನಿಮಗೆ ಈಗ ಬಂದಿರಬಹುದು. ಕೊಟ್ಟ ಬೈಕಾರ್ಬನೇಟ್ ಆಮ್ಲದೊಡನೆ ಕೂಡಿ ಮತ್ತೆ ಇಂಗಾಲದ ಡೈಆಕ್ಸೈಡೇ ಆಗುತ್ತದೆ; ಆಗಲೇ ದಣಿದ ರೋಗಿ ಅದನ್ನೂ ಉಸಿರಾಡಿ ಹೊರಹಾಕಬೇಕು. ರಕ್ತದ ಪೊಟ್ಯಾಸಿಯಂ ಅಪಾಯಕರವಾಗಿ ಇಳಿಯುವ ಸಂಭವವೂ ಇದೆ. ಆದ್ದರಿಂದ ಮಧುಮೇಹದ ಕೀಟೋಅಸಿಡೋಸಿಸ್‌ನಲ್ಲಿ ಪಿಎಚ್ 7.0ಕ್ಕಿಂತ ಕೆಳಗಿಳಿದಂಥ ತೀವ್ರ ಸ್ಥಿತಿಯ ಹೊರತು ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಲವಣದ್ರಾವಣ, ಇನ್ಸುಲಿನ್ ಮತ್ತು ಲೆಕ್ಕವಿಟ್ಟು ಕೊಡುವ ಪೊಟ್ಯಾಸಿಯಂ ಇಲ್ಲಿನ ನಿಜವಾದ ಚಿಕಿತ್ಸೆ. ಇನ್ಸುಲಿನ್ ಸಿಕ್ಕೊಡನೆ ಆಮ್ಲದ ತಯಾರಿಕೆ ನಿಲ್ಲುತ್ತ ಬರುತ್ತದೆ. ರಕ್ತದಲ್ಲಿ ಉಳಿದ ಕೀಟೋನ್ ಅಯಾನುಗಳನ್ನು ಅಂಗಾಂಶಗಳು ಉರಿಸುವಾಗ ಬೈಕಾರ್ಬನೇಟ್ ಮತ್ತೆ ಹುಟ್ಟುತ್ತದೆ, ಮೂತ್ರದಲ್ಲಿ ಹೋಗಿಬಿಟ್ಟ ಕೀಟೋನ್‌ಗಳ ಪಾಲನ್ನು ಮಾತ್ರ ಮೂತ್ರಪಿಂಡ ಮುಂದಿನ ದಿನಗಳಲ್ಲಿ ತುಂಬಿಕೊಡಬೇಕಾಗುತ್ತದೆ.