ಪುಸ್ತಕದ ಬಗೆಗಿನ ಮಾತಿಗಿಂತ ಮೊದಲು ಪುಸ್ತಕ ಕೇಳಿಸಲಿ

*ಮಾನ್ಯ ಸಂಪಾದಕರಿಗೆ ನಮಸ್ಕಾರ. ನನ್ನ ಮೊದಲ ಕಥಾಸಂಕಲನ ಅಚ್ಚಾಗಿ ಬಂದಿದೆ. ಮಾರ್ಚ್ 15ರ ಭಾನುವಾರ ಬೆಳಿಗ್ಗೆ 10.30ಕ್ಕೆ ನಮ್ಮೂರಿನ ಸಭಾಭವನದಲ್ಲಿ ಬಿಡುಗಡೆ ಇಟ್ಟುಕೊಂಡಿದ್ದೇವೆ. ಒಂದು ಗಂಟೆಗೆ ಭವನ ಬಿಟ್ಟುಕೊಡಬೇಕು. ನನ್ನ ಮಾತು, ಕಥೆಯ ವಾಚನ, ಪುಸ್ತಕಕ್ಕೆ ಸಹಿ, ಇವನ್ನು ಯಾವ ಕ್ರಮದಲ್ಲಿ ಇಡಬೇಕು? ಸ್ಥಳೀಯ ಪತ್ರಿಕೆಗಳಿಗೆ ಏನೆಂದು ಬರೆದು ಕಳಿಸಬೇಕು?*
*— ಓದುಗರೊಬ್ಬರು, ಹಾವೇರಿ ಜಿಲ್ಲೆ*

ಮಾನ್ಯರೇ, ನಮಸ್ಕಾರ. ನಮ್ಮ ಕಡೆಯ ಬಿಡುಗಡೆ ಸಮಾರಂಭಗಳಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಬಿಡುಗಡೆ, ಕೃತಿ ಪರಿಚಯ, ಅತಿಥಿಗಳ ಭಾಷಣ ಎಲ್ಲವೂ ಮುಗಿದ ಮೇಲೆ, ಅಧ್ಯಕ್ಷೀಯ ನುಡಿಗೆ ತುಸು ಮೊದಲು ಲೇಖಕರಿಗೆ ಐದು ನಿಮಿಷ ಸಿಗುವುದು ರೂಢಿ. ಅಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿಯಾಗಿರುತ್ತವೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಸಭೆಯಲ್ಲಿ ಕುಳಿತವರಲ್ಲಿ ಬಹುತೇಕ ಯಾರೂ ಓದಿರದ ಪುಸ್ತಕದ ಬಗ್ಗೆ ಒಂದೂವರೆ ಗಂಟೆ ಭಾಷಣ ನಡೆಯುತ್ತದೆ. ಆದ್ದರಿಂದ ನನ್ನ ಮುಖ್ಯ ಸಲಹೆ ಇದು: ಬಿಡುಗಡೆಯಾದ ಕೂಡಲೇ, ಬೇರೆ ಯಾರೂ ಮಾತನಾಡುವ ಮೊದಲು, ಕಥೆಯ ವಾಚನ ನಡೆಯಲಿ. ಆಮೇಲೆ ಪರಿಚಯಿಸುವವರು ಏನು ಹೇಳಿದರೂ ಕೇಳುವವರ ಕಿವಿಯಲ್ಲಿ ನಿಮ್ಮ ನಾಲ್ಕು ಸಾಲುಗಳಾದರೂ ಇರುತ್ತವೆ.

ನಿಮ್ಮ ವೇಳೆಗೆ ಹೊಂದಿಸಿ ನೋಡೋಣ. ಪ್ರಾರ್ಥನೆ ಮತ್ತು ಸ್ವಾಗತಕ್ಕೆ ಎಂಟು ನಿಮಿಷ, ಬಿಡುಗಡೆಗೆ ಏಳು ನಿಮಿಷ ಎಂದಿಟ್ಟುಕೊಂಡರೆ 10.45ಕ್ಕೆ ವಾಚನ ಆರಂಭವಾಗಬಹುದು. ವಾಚನಕ್ಕೆ ಎಂಟು ನಿಮಿಷ, ಕೃತಿ ಪರಿಚಯಕ್ಕೆ ಹದಿನೇಳು, ನಿಮ್ಮ ಮಾತಿಗೆ ಹದಿನೈದು, ಸಭಿಕರ ಪ್ರಶ್ನೆಗಳಿಗೆ ಹತ್ತು, ಮುಖ್ಯ ಅತಿಥಿಗಳಿಗೂ ಅಧ್ಯಕ್ಷರಿಗೂ ತಲಾ ಹತ್ತು, ವಂದನಾರ್ಪಣೆಗೆ ಮೂರು ನಿಮಿಷ ಕೊಟ್ಟರೆ ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಸಭೆ ಮುಗಿಯುತ್ತದೆ. ಕಾಲು ಗಂಟೆ ತಡವಾಗಿ ಆರಂಭವಾದರೂ ಸಹಿಗೆ ಮುಕ್ಕಾಲು ಗಂಟೆ ಉಳಿಯುತ್ತದೆ. ಆದರೆ ಆಮಂತ್ರಣ ಪತ್ರಿಕೆಯಲ್ಲಿ "ಗೌರವ ಉಪಸ್ಥಿತಿ" ಎಂದು ಇನ್ನೂ ಆರು ಹೆಸರು ಸೇರಿ, ಅವರಿಗೆಲ್ಲ "ಎರಡು ಮಾತು" ಎಂದು ಮೈಕು ಹೋದರೆ ಈ ಲೆಕ್ಕ ನಿಲ್ಲುವುದಿಲ್ಲ. ಯಾರು ವೇದಿಕೆಯಲ್ಲಿ ಕೂರುತ್ತಾರೆ, ಅವರಲ್ಲಿ ಯಾರು ಮಾತನಾಡುತ್ತಾರೆ ಎಂಬುದನ್ನು ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ನಿರ್ಧರಿಸಿ, ಪ್ರತಿಯೊಬ್ಬರಿಗೂ ನಿಮಿಷಗಳ ಸಮೇತ ಫೋನಿನಲ್ಲೇ ತಿಳಿಸಿಬಿಡಿ. ಬಿಡುಗಡೆ ಮಾಡಬೇಕಾದವರು ತಡವಾಗಿ ಬರುವ ಸುದ್ದಿ ಸಿಕ್ಕರೆ ಸಭೆಯನ್ನು ಕಾಯಿಸಬೇಡಿ. ವಾಚನದಿಂದಲೇ ಆರಂಭಿಸಿ, ಅವರು ಬಂದ ಮೇಲೆ ಬಿಡುಗಡೆ ಮಾಡಿಸಿ.

ಬಿಡುಗಡೆಯ ಹೊತ್ತಿನಲ್ಲಿ ಗಮನಿಸಬೇಕಾದ್ದು ಸಣ್ಣದು. ಪುಸ್ತಕಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟುವವರು ಗಂಟು ಬಿಗಿದರೆ ವೇದಿಕೆಯಲ್ಲಿ ಕತ್ತರಿ ಹುಡುಕುವ ಪರಿಸ್ಥಿತಿ ಬರುತ್ತದೆ. ಒಂದೇ ಎಳೆತಕ್ಕೆ ಬಿಚ್ಚುವ ಸರಗಂಟು ಹಾಕಿಸಿ. ಎಲ್ಲರೂ ಮುಖಪುಟವನ್ನು ಸಭೆಯ ಕಡೆಗೆ, ಎದೆಯ ಮಟ್ಟದಲ್ಲಿ ಹಿಡಿಯುವಂತೆ ನಿರೂಪಕರು ಹೇಳಲಿ. ಮರುದಿನದ ಪತ್ರಿಕೆಗೆ ಹೋಗುವುದು ಅದೇ ಚಿತ್ರ.

ವಾಚನವನ್ನು ನೀವೇ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಲೇಖಕರು ತಮ್ಮ ಸಾಲುಗಳನ್ನು ಬಲ್ಲವರಾದ್ದರಿಂದ ಬೇಗ ಓದಿಬಿಡುತ್ತಾರೆ, ಕೇಳುವವರಿಗೆ ಅದು ಹೊಸದೆಂಬುದು ನೆನಪಿರುವುದಿಲ್ಲ. ಊರಿನಲ್ಲಿ ನಾಟಕದ ಅಭ್ಯಾಸವಿರುವವರೋ ಆಕಾಶವಾಣಿಯಲ್ಲಿ ಓದಿದವರೋ ಇದ್ದರೆ ಅವರನ್ನು ಕೇಳಿ. ನಿಮ್ಮ ಕಥೆಗಳಲ್ಲಿ ಹಾವೇರಿ ಸೀಮೆಯ ಆಡುಮಾತಿದ್ದರೆ ಅದನ್ನು ಮನೆಯಲ್ಲಿ ಆಡುವವರೇ ಓದಬೇಕು. ಇಲ್ಲವಾದರೆ ಸಂಭಾಷಣೆ ಅಣಕದಂತೆ ಕೇಳಿಸುತ್ತದೆ. ಡೆಮಿ ಅಳತೆಯ ಒಂದು ಪುಟವನ್ನು ಸಾವಧಾನವಾಗಿ ಓದಲು ಎರಡೂವರೆ ನಿಮಿಷದ ಆಸುಪಾಸು ಬೇಕಾಗುವುದರಿಂದ ಎಂಟು ನಿಮಿಷಕ್ಕೆ ಮೂರು ಪುಟ ಸಾಕು. ಇಡೀ ಕಥೆಯನ್ನು ಓದಿಸಬೇಡಿ, ಸಾರಾಂಶವನ್ನೂ ಹೇಳಿಸಬೇಡಿ. ಇಬ್ಬರು ಮಾತನಾಡುವ, ಹೆಚ್ಚು ಹೆಸರುಗಳಿಲ್ಲದ ಒಂದು ಸನ್ನಿವೇಶವನ್ನು ಆರಿಸಿ, ಮುಂದೇನಾಯಿತು ಎಂದು ಕೇಳುವವರು ತಿಳಿಯಬಯಸುವ ಕಡೆ ನಿಲ್ಲಿಸಿ. ಆ ಮೂರು ಪುಟಗಳನ್ನು ದೊಡ್ಡ ಅಕ್ಷರದಲ್ಲಿ, ಹಾಳೆಯ ಒಂದೇ ಮಗ್ಗುಲಿಗೆ ಮುದ್ರಿಸಿ, ಉಸಿರು ತೆಗೆದುಕೊಳ್ಳುವಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ಕೊಡಿ. ಪುಸ್ತಕದಿಂದಲೇ ಓದಿದರೆ ಹೊಸ ಬೈಂಡಿನ ಹಾಳೆ ಮಡಚಿಕೊಳ್ಳುತ್ತದೆ, ಒಂದು ಕೈ ಅದನ್ನು ಹಿಡಿಯುವುದರಲ್ಲೇ ಹೋಗುತ್ತದೆ.

ನಿಮ್ಮ ಮಾತಿನಲ್ಲಿ ಕೃತಜ್ಞತೆಯ ಪಟ್ಟಿ ಬೇಡ. ಅದು ಪುಸ್ತಕದಲ್ಲಿ ಅಚ್ಚಾಗಿರುತ್ತದೆ, ವಂದನಾರ್ಪಣೆಯಲ್ಲೂ ಬರುತ್ತದೆ. ಈಗಷ್ಟೇ ಓದಿದ ಆ ಸನ್ನಿವೇಶ ಎಲ್ಲಿಂದ ಹುಟ್ಟಿತು, ಎಷ್ಟು ಸಲ ತಿದ್ದಿದಿರಿ, ಯಾವುದನ್ನು ಹೊಡೆದುಹಾಕಿದಿರಿ ಎಂಬುದನ್ನು ಹೇಳಿದರೆ ಹದಿನೈದು ನಿಮಿಷ ಸಾಲದೆಂದೇ ಅನ್ನಿಸುತ್ತದೆ.

ಸಹಿಯ ಮೇಜನ್ನು ವೇದಿಕೆಯ ಮೇಲೆ ಇಡದೆ ಬಾಗಿಲ ಬಳಿ, ಮಾರಾಟದ ಮೇಜಿನ ನಂತರ ಬರುವಂತೆ ಇಡಿಸಿ. ಕೊಂಡವರು ಹಾಗೆಯೇ ಮುಂದೆ ಬರುತ್ತಾರೆ. ಹೆಸರು, ಸಹಿ, ದಿನಾಂಕ ಇಷ್ಟನ್ನೇ ಬರೆದರೆ ಒಂದು ಪ್ರತಿಗೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಪ್ರತಿಯೊಬ್ಬರಿಗೂ ಒಂದು ಹಾರೈಕೆಯ ಸಾಲು ಬರೆಯಲು ಹೋದರೆ ಒಂದು ಗಂಟೆಯೊಳಗೆ ಸಾಲಿನ ಅರ್ಧವೂ ಮುಗಿಯದು. ಜೊತೆಗೊಬ್ಬರು ನಿಂತು, ಕೊಂಡವರ ಹೆಸರನ್ನು ಅವರಿಂದಲೇ ಚೀಟಿಯಲ್ಲಿ ಬರೆಸಿ, ಶೀರ್ಷಿಕೆ ಪುಟ ತೆರೆದು ಚೀಟಿಯನ್ನು ಅಲ್ಲಿಟ್ಟು ಕೊಡಲಿ. "ಶ್ರುತಿ" ಎಂದು ಬರೆದುಕೊಳ್ಳುವವರಿಗೆ "ಶೃತಿ" ಎಂದು ಬರೆದುಕೊಟ್ಟರೆ ಆ ಪ್ರತಿ ಹಾಳಾದಂತೆಯೇ. ನುಣುಪು ಕಾಗದವಾದರೆ ಜೆಲ್ ಪೆನ್ನಿನ ಶಾಯಿ ಎದುರು ಪುಟಕ್ಕೆ ಅಂಟುತ್ತದೆ, ಹಿಂದಿನ ದಿನವೇ ಒಂದು ಪ್ರತಿಯಲ್ಲಿ ಪರೀಕ್ಷಿಸಿ.

ಇನ್ನು ಪತ್ರಿಕೆಗಳ ವಿಷಯ. ಆಮಂತ್ರಣ ಪತ್ರಿಕೆಯ ಚಿತ್ರವನ್ನಷ್ಟೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಡೆಸ್ಕಿನಲ್ಲಿ ಯಾರೋ ಅದನ್ನು ಮತ್ತೆ ಟೈಪ್ ಮಾಡಬೇಕು. ಕೆಲಸದ ಒತ್ತಡವಿದ್ದ ದಿನ ಅದು ಬದಿಗೆ ಸರಿಯುತ್ತದೆ. ನಕಲು ಮಾಡಿಕೊಳ್ಳಲು ಬರುವ ಯೂನಿಕೋಡ್ ಪಠ್ಯವನ್ನೇ ಇಮೇಲಿನ ಒಡಲಲ್ಲಿ ಕಳಿಸಿ, ನುಡಿ ತಂತ್ರಾಂಶ ಬಳಸುವ ಕಚೇರಿಯಾದರೆ ಅದರ ಕಡತವನ್ನೂ ಲಗತ್ತಿಸಿ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡುವುದುಂಟು, ಹೆಸರುಗಳನ್ನು ಒಮ್ಮೆ ಓದಿ ನೋಡಿ. ಪಠ್ಯ ಹೀಗಿರಲಿ:

"ಪ್ರಕಟಣೆಯ ಕೃಪೆಗಾಗಿ. (ಊರಿನ) ಕೃಷಿಕ ಕುಟುಂಬಗಳ ಬದುಕನ್ನು ಕುರಿತ ಒಂಬತ್ತು ಕಥೆಗಳಿರುವ (ಲೇಖಕರ ಹೆಸರು) ಅವರ ಚೊಚ್ಚಲ ಸಂಕಲನ (ಪುಸ್ತಕದ ಹೆಸರು) ಮಾರ್ಚ್ 15ರ ಭಾನುವಾರ ಬೆಳಿಗ್ಗೆ 10.30ಕ್ಕೆ (ಭವನ, ರಸ್ತೆ) ಇಲ್ಲಿ ಬಿಡುಗಡೆಯಾಗಲಿದೆ. (ಹೆಸರು) ಬಿಡುಗಡೆ ಮಾಡುವರು. (ಹೆಸರು) ಕೃತಿ ಪರಿಚಯಿಸುವರು. (ಹೆಸರು) ಅಧ್ಯಕ್ಷತೆ ವಹಿಸುವರು. ಕಥಾ ವಾಚನ ಹಾಗೂ ಲೇಖಕರೊಂದಿಗೆ ಸಂವಾದವಿದೆ. ಪ್ರವೇಶ ಮುಕ್ತ. ಮಾಹಿತಿಗೆ: (ಫೋನ್ ಸಂಖ್ಯೆ)."

ಮೊದಲ ವಾಕ್ಯದಲ್ಲಿ ಪುಸ್ತಕ ಯಾವುದರ ಬಗ್ಗೆ ಎಂಬುದಿದೆ ಎನ್ನುವುದನ್ನು ಗಮನಿಸಿ. ನಿಮ್ಮ ಕಥೆಗಳಿಗೆ ತಕ್ಕಂತೆ ಅದನ್ನು ಬದಲಿಸಿಕೊಳ್ಳಿ. "ಅದ್ಭುತ", "ಹೃದಯಸ್ಪರ್ಶಿ" ಮೊದಲಾದ ವಿಶೇಷಣಗಳನ್ನು ಉಪಸಂಪಾದಕರು ಹೊಡೆದೇ ಹಾಕುತ್ತಾರೆ. ಇದನ್ನು ಕಾರ್ಯಕ್ರಮಕ್ಕೆ ಮೂರು ದಿನ ಮೊದಲು ಕಳಿಸಿ, ಶನಿವಾರ ಬೆಳಿಗ್ಗೆ ಒಮ್ಮೆ ನೆನಪಿಸಿ. ಭಾನುವಾರದ ಪುಟ ಶನಿವಾರವೇ ಸಿದ್ಧವಾಗುತ್ತದೆ. ವರದಿಗಾರರಿಗೆ ಪ್ರತ್ಯೇಕವಾಗಿ ಎರಡು ಸಾಲು ಬರೆದು, ಬಿಡುಗಡೆ 10.40ರ ಸುಮಾರಿಗೆ ನಡೆಯುತ್ತದೆಂದು ತಿಳಿಸಿ. ಅದೇ ಬೆಳಿಗ್ಗೆ ಅವರಿಗೆ ಬೇರೆ ಕಾರ್ಯಕ್ರಮಗಳೂ ಇರುತ್ತವೆ, ಚಿತ್ರ ತೆಗೆದುಕೊಂಡು ಹೊರಡಬೇಕಾದವರಿಗೆ ಆ ಹೊತ್ತು ಗೊತ್ತಿದ್ದರೆ ಬರುವ ಸಾಧ್ಯತೆ ಹೆಚ್ಚು.

ಬಾರದವರಿಗೆ ಮಧ್ಯಾಹ್ನ ಮೂರರೊಳಗೆ ವರದಿ ತಲುಪಲಿ: ಯಾರಾದರೂ ನಿಜವಾಗಿ ಆಡಿದ ಒಂದು ಗಟ್ಟಿ ಮಾತಿನಿಂದ ಆರಂಭವಾಗುವ ಹತ್ತು ಸಾಲು, ಜೊತೆಗೆ ಎಡದಿಂದ ಕ್ರಮವಾಗಿ ಹೆಸರು ಬರೆದ ಒಂದೇ ಚಿತ್ರ. ಭಾಷಣಕ್ಕೆ ಮೊದಲೇ ವರದಿ ಬರೆದಿಟ್ಟುಕೊಳ್ಳುವ ಅಭ್ಯಾಸ ಕೆಲವೆಡೆ ಇದೆ, ಅದು ಬೇಡ. ಸಭೆಯಲ್ಲಿ ಇಬ್ಬರು ಗೆಳೆಯರನ್ನು ಟಿಪ್ಪಣಿ ಮಾಡಿಕೊಳ್ಳಲು ಕೂರಿಸಿ. ಬಂದ ವರದಿಗಾರರಿಗೆ ಒಂದೊಂದು ಪ್ರತಿಯನ್ನು ವಾಚನಕ್ಕೆ ಮೊದಲೇ ಕೈಗಿಡಿ, ಓದಲಾಗುವ ಪುಟದಲ್ಲಿ ಚೀಟಿ ಇಟ್ಟು.